ಆರ್ಡರ್ ಎಷ್ಟು ಕೋಟಿ ಎಂದು ಕೇಳುವ ಮುಂಚೆ, ದುಡ್ಡು ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿ

ನಮ್ಮ ಕೆಜಿಎಫ್, ಬಂಗಾರಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸುದ್ದಿ ಆಗಾಗ ಓಡಾಡುತ್ತದೆ. "ಬೆಮೆಲ್‌ಗೆ ಇಷ್ಟು ಕೋಟಿ ಆರ್ಡರ್ ಸಿಕ್ಕಿತು." ಕೆಳಗೆ ಚಪ್ಪಾಳೆ, ಹಬ್ಬದ ಚಿತ್ರಗಳು. ಶೇರು ಕೊಂಡ ಹುಡುಗರಿಗೆ ಖುಷಿ. ಐಟಿಐ ಮುಗಿಸಿ ಕೂತವರಿಗೆ ಕೆಲಸದ ಆಸೆ. ಚಿಕ್ಕ ಲೇಥ್ ಅಂಗಡಿ ನಡೆಸುವವರಿಗೆ ತಮಗೂ ನಾಲ್ಕು ಬಿಡಿಭಾಗದ ಕೆಲಸ ಬರಬಹುದೆಂಬ ಲೆಕ್ಕ. ವರದಿಗಾರನಾಗಿ ನಾನೂ ಇಂಥ ಸುದ್ದಿ ಕಳಿಸುತ್ತೇನೆ, ಪತ್ರಿಕೆಯೂ ಹಾಕುತ್ತದೆ.

ಆದರೆ ಆರ್ಡರ್ ಅಂದರೆ ದುಡ್ಡಲ್ಲ. ಆರ್ಡರ್ ಕೈಗೆ ಬಂದ ದಿನಕ್ಕೂ ದುಡ್ಡು ಕೈಗೆ ಬಂದ ದಿನಕ್ಕೂ ನಡುವೆ ಉದ್ದದ ದಾರಿ ಇದೆ. ಒಂದು ಕಾರ್ಖಾನೆ ಗಟ್ಟಿಯಾಗಿದೆಯೋ ಒಳಗೇ ಸೊರಗುತ್ತಿದೆಯೋ ಎಂಬುದು ಆ ದಾರಿ ಎಷ್ಟು ದಿನದ್ದು ಎಂಬುದರಲ್ಲಿ ಗೊತ್ತಾಗುತ್ತದೆ. ಕೋಟಿಗಳ ಸುದ್ದಿ ಓದುವ ನಾವು ದಿನಗಳ ಲೆಕ್ಕವನ್ನೂ ಓದಬೇಕು, ಬರೆಯುವವರು ಅದನ್ನೂ ಬರೆಯಬೇಕು ಎಂಬುದು ನನ್ನ ವಾದ. ಅದರಲ್ಲೂ ಮಾರ್ಚ್ 31ರ ಒಂದೇ ದಿನದ ಅಂಕಿ ನೋಡಿ ತೀರ್ಮಾನಕ್ಕೆ ಬಂದರೆ ಮೋಸ ಹೋಗುತ್ತೇವೆ. ಯಾಕೆ ಎಂದು ಒಂದೊಂದಾಗಿ ಹೇಳುತ್ತೇನೆ.

ಟೊಮೆಟೊ ಬೆಳೆದವರಿಗೆ ಇದು ಗೊತ್ತಿರುವ ಲೆಕ್ಕವೇ

ಕೋಲಾರದ ಟೊಮೆಟೊ ಬೆಳೆಗಾರರನ್ನೇ ನೋಡಿ. ಇವತ್ತು ನಾಟಿ ಮಾಡಿದರೆ ಮೊದಲ ಕೊಯ್ಲಿಗೆ ಸುಮಾರು 65 ದಿನ ಎಂದಿಟ್ಟುಕೊಳ್ಳೋಣ. ಅಷ್ಟು ದಿನ ಸಸಿ, ಗೊಬ್ಬರ, ಔಷಧಿ, ಕಡ್ಡಿ, ಕೂಲಿಗೆ ಹಾಕಿದ ದುಡ್ಡು ಹೊಲದಲ್ಲೇ ನಿಂತಿರುತ್ತದೆ. ಇದೇ ದಾಸ್ತಾನು ದಿನ. ಹಣ್ಣು ಮಂಡಿಗೆ ಹೋಯಿತು, ಮಂಡಿಯವರು ಹತ್ತು ದಿನ ಬಿಟ್ಟು ಲೆಕ್ಕ ಚುಕ್ತಾ ಮಾಡಿದರು ಎನ್ನಿ. ಆ ಹತ್ತು ದಿನವೇ ವಸೂಲಿ ದಿನ. ಎರಡೂ ಸೇರಿ 75 ದಿನ.

ಆದರೆ ಗೊಬ್ಬರದಂಗಡಿಯವರು 30 ದಿನ ಉದ್ರಿ ಕೊಟ್ಟಿದ್ದಾರೆ. ಆ 30 ದಿನ ಅಂಗಡಿಯವರ ದುಡ್ಡು ದುಡಿಯಿತು, ನಿಮ್ಮದಲ್ಲ. ಇದು ಪಾವತಿ ದಿನ. 75ರಲ್ಲಿ 30 ಕಳೆದರೆ 45. ಆ 45 ದಿನ ನಿಮ್ಮ ಸ್ವಂತ ದುಡ್ಡೋ ಸೊಸೈಟಿ ಸಾಲವೋ ಕೈಸಾಲವೋ ಬೆಳೆಯನ್ನು ಹಿಡಿದು ನಿಲ್ಲಿಸಬೇಕು.

ಬ್ಯಾಂಕಿನವರು ವರ್ಕಿಂಗ್ ಕ್ಯಾಪಿಟಲ್ ಸೈಕಲ್ ಅನ್ನುವುದು ಇದನ್ನೇ. ದಾಸ್ತಾನು ದಿನಕ್ಕೆ ವಸೂಲಿ ದಿನ ಕೂಡಿಸಿ, ಪಾವತಿ ದಿನ ಕಳೆಯಬೇಕು. ಉಳಿದಷ್ಟು ದಿನ ಕಂಪನಿಯ ಹಣ ಸಿಕ್ಕಿಬಿದ್ದಿರುತ್ತದೆ.

ಕಂಪನಿಯ ವಾರ್ಷಿಕ ವರದಿಯಿಂದ ಇದನ್ನು ಲೆಕ್ಕ ಹಾಕುವುದು ಸುಲಭ. ಗಿರಾಕಿಗಳಿಂದ ಬರಬೇಕಾದ ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ವಸೂಲಿ ದಿನ. ದಾಸ್ತಾನಿನ ಮೊತ್ತವನ್ನು ಆ ವರ್ಷ ಮಾರಾಟವಾದ ಸರಕಿನ ವೆಚ್ಚದಿಂದ ಭಾಗಿಸಿ 365ರಿಂದ ಗುಣಿಸಿದರೆ ದಾಸ್ತಾನು ದಿನ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಬುಲ್ಡೋಜರ್ ಟೊಮೆಟೊ ಅಲ್ಲ

ಬಿಇಎಂಎಲ್ 1964ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರಿ ಕಂಪನಿ. ಈಗಲೂ ಅದರ ಸುಮಾರು 54 ಶೇಕಡಾ ಪಾಲು ಸರ್ಕಾರದ ಕೈಯಲ್ಲಿದೆ. ಬೆಂಗಳೂರು, ಮೈಸೂರು, ಪಾಲಕ್ಕಾಡಿನಲ್ಲೂ ಅದರ ಕಾರ್ಖಾನೆಗಳಿವೆ. ನಮ್ಮ ಕೆಜಿಎಫ್‌ನಲ್ಲಿ ಬುಲ್ಡೋಜರ್, ಅಗೆಯುವ ಯಂತ್ರಗಳು, ಅವಕ್ಕೆ ಬೇಕಾದ ಹೈಡ್ರಾಲಿಕ್ ಭಾಗಗಳು ತಯಾರಾಗುತ್ತವೆ.

ಇಂಥ ಯಂತ್ರ ಒಂದು ವಾರದಲ್ಲಿ ಆಗುವ ಕೆಲಸವಲ್ಲ. ದಪ್ಪ ಉಕ್ಕಿನ ಹಾಳೆ ಕತ್ತರಿಸಬೇಕು, ವೆಲ್ಡ್ ಮಾಡಿ ಚೌಕಟ್ಟು ಕಟ್ಟಬೇಕು, ಗೇರುಗಳನ್ನು ಕೊರೆದು ಕಾಯಿಸಿ ಗಟ್ಟಿ ಮಾಡಬೇಕು, ಜೋಡಿಸಬೇಕು, ಓಡಿಸಿ ಪರೀಕ್ಷೆ ಮಾಡಬೇಕು. ಹೊರಗಿನಿಂದ ತರಿಸುವ ಕೆಲವು ಭಾಗಗಳಿಗೆ ತಿಂಗಳುಗಟ್ಟಲೆ ಮುಂಚೆ ಆರ್ಡರ್ ಕೊಡಬೇಕು. ಒಮ್ಮೆ ಗಣಿಗೆ ಮಾರಿದ ಯಂತ್ರಕ್ಕೆ ವರ್ಷಾನುಗಟ್ಟಲೆ ಬಿಡಿಭಾಗ ಒದಗಿಸಬೇಕು, ಅವನ್ನೂ ಉಗ್ರಾಣದಲ್ಲಿ ಇಟ್ಟಿರಬೇಕು. ಹಾಗಾಗಿ ಬಿಸ್ಕತ್ತು ಕಂಪನಿಯ ದಾಸ್ತಾನು ದಿನದ ಪಕ್ಕ ಬುಲ್ಡೋಜರ್ ಕಂಪನಿಯದ್ದು ಇಟ್ಟು "ಅಯ್ಯೋ, ಇಷ್ಟೊಂದಾ" ಎನ್ನುವುದು ಸರಿಯಲ್ಲ. ಅದನ್ನು ಅದೇ ಬಗೆಯ ಇನ್ನೊಂದು ಕಂಪನಿಯ ಜೊತೆ, ಇಲ್ಲವೇ ಅದರದೇ ಹಿಂದಿನ ವರ್ಷಗಳ ಜೊತೆ ಹೋಲಿಸಬೇಕು.

ಇನ್ನು ಕೊಳ್ಳುವವರು ಯಾರು? ಕೋಲ್ ಇಂಡಿಯಾದ ಗಣಿಗಳು, ರಕ್ಷಣಾ ಇಲಾಖೆ, ರೈಲ್ವೆ, ಮೆಟ್ರೊ ನಿಗಮಗಳು. ಬಹುಪಾಲು ಸರ್ಕಾರದ ಮನೆಯವರೇ. ಇಂಥ ಗಿರಾಕಿ ದುಡ್ಡು ಮುಳುಗಿಸುವುದು ಅಪರೂಪ, ತಡ ಮಾಡುವುದು ಮಾತ್ರ ಸಾಮಾನ್ಯ. ಯಂತ್ರ ತಲುಪಬೇಕು, ತಪಾಸಣೆ ಆಗಬೇಕು, ಓಡಿಸಿ ತೋರಿಸಬೇಕು, ಬಿಲ್ಲು ಮೇಜಿನಿಂದ ಮೇಜಿಗೆ ಹೋಗಬೇಕು. ಇಂಥ ಒಪ್ಪಂದಗಳಲ್ಲಿ ಬಿಲ್ಲಿನ ಒಂದಿಷ್ಟು ಪಾಲನ್ನು ಗ್ಯಾರಂಟಿ ಅವಧಿ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುವ ರೂಢಿಯೂ ಇದೆ. ಖಾಸಗಿ ಗಿರಾಕಿಯ ಬಾಕಿ ಹಳೆಯದಾದರೆ ಮುಳುಗೀತೆಂಬ ಭಯ. ಸರ್ಕಾರಿ ಗಿರಾಕಿಯ ಬಾಕಿ ಹಳೆಯದಾದರೆ, ಅಷ್ಟು ದಿನ ಬ್ಯಾಂಕಿಗೆ ಬಡ್ಡಿ ಕಟ್ಟುವವರು ಯಾರು ಎಂಬ ಪ್ರಶ್ನೆ.

ಮಾರ್ಚ್ ತಿಂಗಳ ಮಾಯೆ

2024-25ರಲ್ಲಿ ಬಿಇಎಂಎಲ್ ಪ್ರಕಟಿಸಿದ ತ್ರೈಮಾಸಿಕ ಆದಾಯ ಹೀಗಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಸುಮಾರು 634 ಕೋಟಿ. ಜುಲೈನಿಂದ ಸೆಪ್ಟೆಂಬರ್ 860 ಕೋಟಿ. ಅಕ್ಟೋಬರ್‌ನಿಂದ ಡಿಸೆಂಬರ್ 876 ಕೋಟಿ. ಜನವರಿಯಿಂದ ಮಾರ್ಚ್ 1,652 ಕೋಟಿ. ಒಟ್ಟು ಸುಮಾರು 4,022 ಕೋಟಿ.

ಅಂದರೆ ನೂರು ರೂಪಾಯಿ ವ್ಯಾಪಾರದಲ್ಲಿ 41 ರೂಪಾಯಿ ಕೊನೆಯ ಮೂರು ತಿಂಗಳಲ್ಲೇ ಆಗಿದೆ. ಲಾಭವೂ ಹಾಗೇ. ಮೊದಲ ಮೂರು ತಿಂಗಳಲ್ಲಿ ಸುಮಾರು 70 ಕೋಟಿ ನಷ್ಟ, ಕೊನೆಯ ಮೂರು ತಿಂಗಳಲ್ಲಿ ಸುಮಾರು 287 ಕೋಟಿ ಲಾಭ. ವರ್ಷದ ಒಟ್ಟು ಲಾಭ ಸುಮಾರು 292 ಕೋಟಿ. ಸಂಬಳ, ಕರೆಂಟು, ಬಡ್ಡಿ ಮಾತ್ರ ಹನ್ನೆರಡು ತಿಂಗಳೂ ಒಂದೇ ಸಮನೆ ಹೋಗುತ್ತವೆ. ಗಿರಾಕಿಗಳ ಬಜೆಟ್ಟು ಮಾರ್ಚ್‌ನಲ್ಲಿ ಮುಗಿಯುವ ಉದ್ಯಮಗಳಲ್ಲಿ ಸರಕು ಹೀಗೆ ವರ್ಷದ ಕೊನೆಗೆ ಒತ್ತಿಕೊಂಡು ಹೊರಡುತ್ತದೆ.

ಈಗ ವಸೂಲಿ ದಿನ ಲೆಕ್ಕ ಹಾಕೋಣ. ಬಾಕಿ 1,000 ಕೋಟಿ ಎಂದು ಸುಮ್ಮನೆ ಹಿಡಿಯುತ್ತೇನೆ. ಇದು ಕಂಪನಿಯ ನಿಜವಾದ ಬಾಕಿಯಲ್ಲ, ಲೆಕ್ಕ ತೋರಿಸಲು ತೆಗೆದುಕೊಂಡ ದುಂಡು ಅಂಕಿ.

ವರ್ಷದ ಮಾರಾಟದಿಂದ ಭಾಗಿಸಿದರೆ: 1,000 ÷ 4,022 × 365 = 91 ದಿನ.

ಕೊನೆಯ ಮೂರು ತಿಂಗಳ ಮಾರಾಟದಿಂದ ಭಾಗಿಸಿದರೆ: 1,000 ÷ 1,652 × 90 = 54 ದಿನ.

ಅದೇ ಬಾಕಿ, ಅದೇ ಕಂಪನಿ. ಒಂದು ಲೆಕ್ಕದಲ್ಲಿ ಮೂರು ತಿಂಗಳು, ಇನ್ನೊಂದರಲ್ಲಿ ಎರಡು ತಿಂಗಳೂ ಇಲ್ಲ. ಮಾರ್ಚ್‌ನಲ್ಲಿ ಕಳಿಸಿದ ಸರಕಿನ ಬಿಲ್ಲು ಮಾರ್ಚ್ 31ಕ್ಕೆ ಬಾಕಿ ಕಾಣುವುದು ಸಹಜ. ಅದನ್ನು ರೋಗ ಎನ್ನಲಾಗದು. ಹಾಗಾಗಿ ವರ್ಷದ ಕೊನೆಗೆ ಸರಕು ಕಳಿಸುವ ಕಂಪನಿಗಳ ವಸೂಲಿ ದಿನ ಮಾಮೂಲಿ ಲೆಕ್ಕದಲ್ಲಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ದಾಸ್ತಾನಿನ ವಿಷಯ ಇದಕ್ಕೆ ಪೂರ್ತಿ ಉಲ್ಟಾ. ಮಾರ್ಚ್‌ನಲ್ಲಿ ಉಗ್ರಾಣ ಗುಡಿಸಿದಂತೆ ಸರಕು ಹೊರಗೆ ಹೋಗಿರುತ್ತದೆ, ಉಳಿದದ್ದು ಕಡಿಮೆ. ಅಂದು ದಾಸ್ತಾನು ದಿನ ಲೆಕ್ಕ ಹಾಕಿದರೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮಾರ್ಚ್‌ನಲ್ಲಿ ಕಳಿಸಲು ಮುಂಚೆ ಕಟ್ಟಿಡಬೇಕಲ್ಲ, ಆ ದಾಸ್ತಾನು ಉಬ್ಬಿರುವುದು ಡಿಸೆಂಬರ್, ಜನವರಿಯಲ್ಲಿ. ಸಾಲ ಏರುವುದೂ ಆಗಲೇ. ಮಾರ್ಚ್‌ನ ಲೆಕ್ಕಪತ್ರದಲ್ಲಿ ಅದರ ಸುಳಿವೇ ಇರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕೆರೆ ನೋಡಿ ವರ್ಷವಿಡೀ ನೀರಿದೆ ಎಂದ ಹಾಗೆ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಶೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ವರ್ಷಕ್ಕೆ ಎರಡು ಸಲ ಆಸ್ತಿ-ಹೊಣೆ ಪಟ್ಟಿ ಪ್ರಕಟಿಸಬೇಕು. ಒಂದು ಮಾರ್ಚ್ 31ರದ್ದು, ಇನ್ನೊಂದು ಸೆಪ್ಟೆಂಬರ್ 30ರದ್ದು. ಅರ್ಧ ವರ್ಷದ ಫಲಿತಾಂಶದ ಜೊತೆಗೇ ಅದು ಇರುತ್ತದೆ, ಶೇರುಪೇಟೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮಾರ್ಚ್‌ನ ಅಂಕಿ ನೋಡಿದವರು ಸೆಪ್ಟೆಂಬರ್‌ನದ್ದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಸೆಪ್ಟೆಂಬರ್ ಅನ್ನು ಹಿಂದಿನ ಸೆಪ್ಟೆಂಬರ್ ಜೊತೆ, ಮಾರ್ಚ್ ಅನ್ನು ಹಿಂದಿನ ಮಾರ್ಚ್ ಜೊತೆ ಹೋಲಿಸಬೇಕು. ಮಾರ್ಚ್ ಬಾಕಿ ಸೆಪ್ಟೆಂಬರ್ ಹೊತ್ತಿಗೆ ಕರಗಿದ್ದರೆ ಅದು ಬರೀ ತಡ. ಆರು ತಿಂಗಳಾದರೂ ಹಾಗೇ ಕೂತಿದ್ದರೆ ಬೇರೆ ಏನೋ ಇದೆ.

ದಾಸ್ತಾನಿನ ಹೊಟ್ಟೆಯೊಳಗೆ ಏನಿದೆ

ದಾಸ್ತಾನು ಹೆಚ್ಚಾಯಿತು ಎಂದಷ್ಟೇ ತಿಳಿದರೆ ಸಾಲದು. ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ. ಕಚ್ಚಾ ಸಾಮಗ್ರಿ ಎಷ್ಟು, ಅರ್ಧ ಕೆಲಸವಾದದ್ದು ಎಷ್ಟು, ತಯಾರಾದ ಸರಕು ಎಷ್ಟು, ಬಿಡಿಭಾಗ ಎಷ್ಟು. ಯಾವುದು ಉಬ್ಬಿದೆ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ.

ತಯಾರಾದ ಸರಕು ಉಬ್ಬಿದ್ದರೆ ಕೊಳ್ಳುವವರು ಹಿಂದೆ ಸರಿದಿರಬಹುದು, ಇಲ್ಲವೇ ತಪಾಸಣೆಗೆ ಬರಬೇಕಾದವರು ಬಂದಿಲ್ಲ. ಅರ್ಧ ಕೆಲಸವಾದದ್ದು ಉಬ್ಬಿದ್ದರೆ ಎಲ್ಲೋ ಒಂದು ಭಾಗ ಬಾರದೆ ಸಾಲಾಗಿ ಯಂತ್ರಗಳು ನಿಂತಿರಬಹುದು. ಎಲ್ಲ ಭಾಗ ಇದ್ದು ಒಂದು ಪಂಪು ಬರಲಿಲ್ಲವೆಂದರೂ ಯಂತ್ರ ಗೇಟು ದಾಟುವುದಿಲ್ಲ, ಆದರೆ ಅದರೊಳಗೆ ಹಾಕಿದ ಅಷ್ಟೂ ದುಡ್ಡು ಕಟ್ಟಿಹಾಕಿದಂತೆ. ಕಚ್ಚಾ ಸಾಮಗ್ರಿ ಉಬ್ಬಿದ್ದರೆ ದೊಡ್ಡ ಆರ್ಡರಿಗೆ ತಯಾರಿ ಇರಬಹುದು, ಅದು ಒಳ್ಳೆಯ ಸುದ್ದಿ. ಇಲ್ಲವೇ ಆರ್ಡರ್ ನಿಂತಿದ್ದರೂ ಖರೀದಿ ನಿಂತಿಲ್ಲ, ಅದು ಕೆಟ್ಟ ಸುದ್ದಿ. ಮುಂದಿನ ಆರು ತಿಂಗಳ ಮಾರಾಟ ಏರಿತೋ ಇಲ್ಲವೋ ನೋಡಿದರೆ ಎರಡರಲ್ಲಿ ಯಾವುದು ಎಂದು ತಿಳಿಯುತ್ತದೆ.

ಬಾಕಿಗೂ ಇಂಥದೇ ಪಟ್ಟಿ ಇದೆ. ಕಂಪನಿ ಕಾನೂನಿನ ನಮೂನೆಯಲ್ಲಿ 2021ರಲ್ಲಿ ಬದಲಾವಣೆ ತಂದ ಮೇಲೆ ಪ್ರತಿ ಕಂಪನಿಯೂ ಬಾಕಿಯ ವಯಸ್ಸನ್ನು ಬರೆಯಬೇಕು. ಆರು ತಿಂಗಳೊಳಗಿನದು ಎಷ್ಟು, ಆರು ತಿಂಗಳಿಂದ ಒಂದು ವರ್ಷ, ಒಂದರಿಂದ ಎರಡು, ಎರಡರಿಂದ ಮೂರು, ಮೂರು ವರ್ಷ ದಾಟಿದ್ದು ಎಷ್ಟು. ತಕರಾರಿನಲ್ಲಿರುವ ಬಾಕಿ ಬೇರೆಯಾಗಿ. ಸರಾಸರಿ 90 ದಿನ ಎಂಬ ಅಂಕಿಯ ಹಿಂದೆ, ಹೆಚ್ಚಿನ ಗಿರಾಕಿಗಳು ಒಂದೇ ತಿಂಗಳಲ್ಲಿ ಕೊಟ್ಟು ಉಳಿದ ಕೆಲವರು ಮೂರು ವರ್ಷದಿಂದ ಕೊಡದೆ ಕೂತಿರಬಹುದು. ನನ್ನನ್ನು ಕೇಳಿದರೆ ಸರಾಸರಿಗಿಂತ ಈ ಪಟ್ಟಿಯ ಕೊನೆಯ ಎರಡು ಕಾಲಂ ಮೊದಲು ನೋಡಿ. ಅವು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದರೆ ಲಾಭ ಎಷ್ಟೇ ಬರೆದಿರಲಿ, ಹುಷಾರಾಗಿರಿ.

ಇನ್ನೊಂದು ಅಡಗುತಾಣವೂ ಇದೆ. ದೊಡ್ಡ ಗುತ್ತಿಗೆ ಕೆಲಸಗಳಲ್ಲಿ, ಬಿಲ್ಲು ಬರೆಯುವ ಮುಂಚೆಯೇ ಆದ ಕೆಲಸದಷ್ಟು ಆದಾಯ ಎಂದು ಲೆಕ್ಕದಲ್ಲಿ ತೋರಿಸಲು ಅವಕಾಶವಿದೆ. ಬಿಲ್ಲೇ ಆಗದ್ದರಿಂದ ಅದು ಗಿರಾಕಿ ಬಾಕಿಯ ಸಾಲಿನಲ್ಲಿ ಬರುವುದಿಲ್ಲ, ಇತರ ಆಸ್ತಿಗಳ ಸಾಲಿನಲ್ಲಿ ಕೂತಿರುತ್ತದೆ. ವಸೂಲಿ ದಿನ ಕಡಿಮೆಯಾಯಿತು ಎಂದು ಹೊಗಳುವ ಮುಂಚೆ ಬಿಲ್ಲಾಗದ ಆದಾಯ ಏರಿದೆಯೇ ಎಂದು ನೋಡಬೇಕು. ಏರಿದ್ದರೆ ಬಾಕಿ ಕರಗಿಲ್ಲ, ಮನೆ ಬದಲಿಸಿದೆ ಅಷ್ಟೆ.

ಬಂಗಾರಪೇಟೆಯ ಲೇಥ್ ಅಂಗಡಿಗೆ ಬರುವ ಹೊರೆ

ಇಷ್ಟು ಹೊತ್ತು ದೊಡ್ಡ ಕಂಪನಿಯ ಕಡೆಯಿಂದ ನೋಡಿದೆವು. ಆದರೆ ಸೈಕಲ್‌ನ ಮೂರನೇ ಭಾಗ, ಪಾವತಿ ದಿನ, ಅದರಲ್ಲಿ ಕೂತಿರುವವರು ನಮ್ಮವರೇ. ದೊಡ್ಡವರ ಪಾವತಿ ದಿನ ಚಿಕ್ಕವರ ವಸೂಲಿ ದಿನ. ದೊಡ್ಡ ಕಂಪನಿ ತನ್ನ ಸೈಕಲ್ ಚಿಕ್ಕದು ಮಾಡಿದೆವು ಎಂದು ಹೇಳಿದಾಗ ಮೂರರಲ್ಲಿ ಯಾವುದು ಬದಲಾಯಿತು ಎಂದು ಕೇಳಲೇಬೇಕು. ದಾಸ್ತಾನು ಇಳಿಸಿದ್ದರೆ ಅದು ಜಾಣತನ. ವಸೂಲಿ ಬೇಗ ಮಾಡಿದ್ದರೆ ಅದು ಶ್ರಮ. ಸರಬರಾಜುದಾರರಿಗೆ ಕೊಡುವುದನ್ನು ತಡ ಮಾಡಿದ್ದರೆ ಅದು ಬೇರೆಯವರ ಜೇಬಿನಿಂದ ಸಾಲ ತೆಗೆದ ಹಾಗೆ.

ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಬಂಗಾರಪೇಟೆಯಲ್ಲಿ ನಾಲ್ಕು ಜನ ದುಡಿಯುವ ಒಂದು ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಯಾವುದೋ ಕಾರ್ಖಾನೆಗೆ ತಿಂಗಳಿಗೆ 3 ಲಕ್ಷ ರೂಪಾಯಿಯ ಪಿನ್ನು, ಬುಶ್ಶು ಮಾಡಿಕೊಡುತ್ತದೆ. ಉಕ್ಕು, ಕೂಲಿ, ಕರೆಂಟು, ಬಾಡಿಗೆ ಸೇರಿ 2.5 ಲಕ್ಷ ಖರ್ಚು. ಮಾಲೀಕರಿಗೆ ಉಳಿಯುವುದು 50 ಸಾವಿರ.

ದುಡ್ಡು 45 ದಿನಕ್ಕೆ ಬರುತ್ತಿದ್ದದ್ದು 90 ದಿನಕ್ಕೆ ಬರತೊಡಗಿತು. ಹೆಚ್ಚಿನ 45 ದಿನ ಅಂದರೆ ಒಂದೂವರೆ ತಿಂಗಳು. ಆ ಒಂದೂವರೆ ತಿಂಗಳ ಖರ್ಚು 3.75 ಲಕ್ಷ ರೂಪಾಯಿಯನ್ನು ಅಂಗಡಿಯವರು ಎಲ್ಲಿಂದಲಾದರೂ ತಂದು ಹಾಕಬೇಕು. ಅದು ಅವರ ಏಳೂವರೆ ತಿಂಗಳ ದುಡಿಮೆ. ಬ್ಯಾಂಕಿನಲ್ಲಿ 12 ಶೇಕಡಾ ಬಡ್ಡಿಗೆ ಸಿಕ್ಕರೆ ವರ್ಷಕ್ಕೆ 45 ಸಾವಿರ ಹೋಯಿತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಕೈಸಾಲವಾದರೆ 90 ಸಾವಿರ. ಲೆಕ್ಕಪುಸ್ತಕದಲ್ಲಿ ಲಾಭ ತೋರಿಸುತ್ತಲೇ ಇರುತ್ತದೆ, ಶನಿವಾರ ಕೂಲಿ ಕೊಡಲು ಮಾತ್ರ ದುಡ್ಡಿರುವುದಿಲ್ಲ.

ಅದರ ಮೇಲೆ ಜಿಎಸ್‌ಟಿ. ಬಿಲ್ಲು ಕೊಟ್ಟರೆ ತೆರಿಗೆ ಕಟ್ಟುವ ಹೊಣೆ ಬರುತ್ತದೆ, ಗಿರಾಕಿ ದುಡ್ಡು ಕೊಟ್ಟಿರಲಿ ಬಿಟ್ಟಿರಲಿ. ಉಕ್ಕು ಕೊಳ್ಳುವಾಗ ಕಟ್ಟಿದ ತೆರಿಗೆ ಕಳೆದುಕೊಳ್ಳಬಹುದು, ಕೂಲಿಗೆ ಅಂಥ ಕಳೆತ ಇಲ್ಲ. ಹಾಗಾಗಿ ಕೈಗೆ ಬಾರದ ದುಡ್ಡಿಗೂ ಮುಂಚೆಯೇ ತೆರಿಗೆ ಹೋಗಿರುತ್ತದೆ.

ಈಗ ಆ ಕಾರ್ಖಾನೆಗೆ ದೊಡ್ಡ ಆರ್ಡರ್ ಬಂತು, ಅಂಗಡಿಗೂ ದುಪ್ಪಟ್ಟು ಕೆಲಸ ಬಂತು ಎನ್ನಿ. ಊರಿಗೆಲ್ಲ ಖುಷಿ. ಆದರೆ 90 ದಿನದ ವಸೂಲಿಯಲ್ಲಿ ಕೆಲಸ ದುಪ್ಪಟ್ಟಾದರೆ ಸಿಕ್ಕಿಬೀಳುವ ದುಡ್ಡೂ ದುಪ್ಪಟ್ಟು. ಚಿಕ್ಕ ಘಟಕಗಳು ಕೆಲಸವಿಲ್ಲದೆ ಮುಚ್ಚುವುದನ್ನು ಎಲ್ಲರೂ ಊಹಿಸಬಲ್ಲರು, ಕೆಲಸ ಹೆಚ್ಚಾಗಿ ಮುಚ್ಚುವುದು ಯಾರಿಗೂ ಅರ್ಥವಾಗುವುದಿಲ್ಲ. ಕಾರಣ ಈ ದಿನಗಳ ಲೆಕ್ಕದಲ್ಲಿದೆ. ಆರ್ಡರ್ ಒಪ್ಪುವ ಮುಂಚೆ ದರದ ಜೊತೆ ದಿನವನ್ನೂ ಬರೆಸಿಕೊಳ್ಳಬೇಕು ಎನ್ನುವುದು ಇದಕ್ಕೇ.

ಕಾನೂನು ಚಿಕ್ಕವರ ಕಡೆ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕಿರು ಮತ್ತು ಸಣ್ಣ ಘಟಕದಿಂದ ಸರಕು ಕೊಂಡವರು ಒಪ್ಪಂದದಲ್ಲಿ ಏನೇ ಬರೆದಿರಲಿ 45 ದಿನ ದಾಟಿಸುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ ಕೊಡಬೇಕು. ಸರ್ಕಾರದ ಜಾಲತಾಣದಲ್ಲಿ ದೂರು ಕೊಡಬಹುದು. 2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲೂ ಒಂದು ಕಟ್ಟು ಬಿದ್ದಿದೆ. ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ಕೊಡುವವರೆಗೂ ಕೊಂಡ ಕಂಪನಿ ಖರ್ಚೆಂದು ತೋರಿಸುವಂತಿಲ್ಲ. ಇದಕ್ಕೆಲ್ಲ ಉದ್ಯಮ್ ನೋಂದಣಿ ಬೇಕು. ಸರಕು ಕಳಿಸಿ ಜಗಳವಾದ ಮೇಲಲ್ಲ, ಮೊದಲ ಬಿಲ್ಲು ಬರೆಯುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ, ಬಿಲ್ಲಿನ ಮೇಲೆ ಆ ನಂಬರ್ ಹಾಕಿ.

ಆದರೆ ಎಷ್ಟು ಜನ ದೂರು ಕೊಡುತ್ತಾರೆ? ಇರುವ ಒಂದೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟರೆ ಮುಂದಿನ ಆರ್ಡರ್ ಬೇರೆಯವರಿಗೆ ಹೋದೀತೆಂಬ ಭಯ ಎಲ್ಲರಿಗೂ ಇದೆ. ಆ ಭಯ ಸುಳ್ಳಲ್ಲ. ದೂರಿಲ್ಲದೆ ದುಡ್ಡು ಬೇಗ ಪಡೆಯುವ ದಾರಿ ಟ್ರೆಡ್ಸ್. ಕೊಂಡ ಕಂಪನಿ ಬಿಲ್ಲನ್ನು ಅಲ್ಲಿ ಒಪ್ಪಿದರೆ, ಬ್ಯಾಂಕುಗಳು ಸ್ವಲ್ಪ ಕಡಿತ ಮಾಡಿಕೊಂಡು ಆ ಬಿಲ್ಲಿನ ದುಡ್ಡು ಕೊಡುತ್ತವೆ. ಮುಂದೆ ವಸೂಲಿ ಮಾಡಿಕೊಳ್ಳುವುದು ಬ್ಯಾಂಕಿನ ಪಾಡು. ಕೇಂದ್ರ ಸರ್ಕಾರಿ ಕಂಪನಿಗಳೂ, ವರ್ಷಕ್ಕೆ 250 ಕೋಟಿ ದಾಟಿದ ವ್ಯಾಪಾರದ ಕಂಪನಿಗಳೂ ಅದರಲ್ಲಿ ಸೇರಲೇಬೇಕು ಎಂಬ ನಿಯಮವಿದೆ. ಸೇರಿದರೆ ಸಾಲದು, ಬಿಲ್ಲನ್ನು ಬೇಗ ಒಪ್ಪಬೇಕು. ಬಿಲ್ಲು ಒಪ್ಪಲು ಎಷ್ಟು ದಿನ ತೆಗೆದುಕೊಳ್ಳುತ್ತೀರಿ ಎಂದು ಸಣ್ಣ ಘಟಕಗಳ ಸಂಘದವರು ಒಟ್ಟಾಗಿ ಕೇಳಬೇಕು. ಒಬ್ಬರೇ ಕೇಳಿದರೆ ಆಗದ ಕೆಲಸ ಇದು.

ದೊಡ್ಡ ಕಂಪನಿ ಚಿಕ್ಕವರಿಗೆ ಎಷ್ಟು ಬಾಕಿ ಉಳಿಸಿಕೊಂಡಿದೆ ಎಂಬುದೂ ಅದರ ವಾರ್ಷಿಕ ವರದಿಯಲ್ಲೇ ಇರುತ್ತದೆ. ಕಿರು ಮತ್ತು ಸಣ್ಣ ಘಟಕಗಳ ಬಾಕಿಯನ್ನು ಬೇರೆ ಸಾಲಿನಲ್ಲಿ ತೋರಿಸಲೇಬೇಕು, ಅದರ ವಯಸ್ಸಿನ ಪಟ್ಟಿಯೂ ಬೇಕು. ಹೊಸ ಗಿರಾಕಿಗೆ ಉದ್ರಿ ಕೊಡುವ ಮುಂಚೆ ಆ ಸಾಲನ್ನು ಒಮ್ಮೆ ಓದಿ.

ಚಿನ್ನದ ಗಣಿ ಹೇಳುವ ಇನ್ನೊಂದು ಮಾತು

ದಿನಗಳ ಲೆಕ್ಕವೊಂದೇ ಎಲ್ಲವನ್ನೂ ಹೇಳುತ್ತದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಸಾಕ್ಷಿ ನಮ್ಮ ಊರಲ್ಲೇ ಇದೆ. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಚಿನ್ನಕ್ಕಿಂತ ಬೇಗ ದುಡ್ಡಾಗುವ ಸರಕು ಯಾವುದಿದೆ? ಮಾರಾಟವಾಗದೆ ಉಗ್ರಾಣದಲ್ಲಿ ಕೊಳೆಯುವಂಥದ್ದಲ್ಲ ಅದು. ಆದರೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಚಿನ್ನದ ಅಂಶ ಕಡಿಮೆಯಾದ ಕಲ್ಲನ್ನು ಮೇಲೆ ತರುವ ಖರ್ಚು ಸಿಗುವ ಬೆಲೆಯನ್ನು ಮೀರಿತ್ತು. ಸರಕು ಎಷ್ಟೇ ಬೇಗ ಮಾರಿದರೂ ಪ್ರತಿ ಗ್ರಾಮಿಗೂ ನಷ್ಟವಾದರೆ, ನಷ್ಟವೂ ಅಷ್ಟೇ ಬೇಗ ಆಗುತ್ತದೆ.

ಗಣಿಯ ಕಾಯಿಲೆ ಲಾಭದ ಪಟ್ಟಿಯಲ್ಲೇ ಕಾಣುತ್ತಿತ್ತು. ಯಂತ್ರ ಕಾರ್ಖಾನೆಗೆ ಬರುವ ಕಾಯಿಲೆ ಹಾಗಲ್ಲ. ಲಾಭದ ಪಟ್ಟಿ ಚೆನ್ನಾಗಿರುತ್ತದೆ, ದುಡ್ಡು ದಾಸ್ತಾನಿನಲ್ಲೋ ಬಾಕಿಯಲ್ಲೋ ಇಂಗಿಹೋಗಿರುತ್ತದೆ. ಅದನ್ನು ಹಿಡಿಯಲು ದಿನಗಳ ಲೆಕ್ಕ ಬೇಕು. ಅನುಮಾನ ಬಂದರೆ ನಗದು ಹರಿವಿನ ಪಟ್ಟಿಯಲ್ಲಿ ಕಾರ್ಯಾಚರಣೆಯಿಂದ ಬಂದ ನಗದು ಎಂಬ ಸಾಲು ನೋಡಿ. ಒಂದು ವರ್ಷ ಅದು ಲಾಭಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ. ಮೂರು ನಾಲ್ಕು ವರ್ಷ ಕೂಡಿಸಿ ನೋಡಿದರೂ ಲಾಭ ಜಾಸ್ತಿ, ನಗದು ಕಡಿಮೆ ಎಂದೇ ಇದ್ದರೆ ದುಡ್ಡು ಎಲ್ಲೋ ನಿಂತಿದೆ ಎಂದರ್ಥ.

ಕೇಳಬೇಕಾದ ಪ್ರಶ್ನೆಗಳು

ಶೇರು ಕೊಳ್ಳುವ ಹುಡುಗರು ಆರ್ಡರಿನ ಸುದ್ದಿ ಬಂದ ದಿನ ಓಡಬೇಡಿ. ಸೆಪ್ಟೆಂಬರ್ ಪಟ್ಟಿ ತೆಗೆದು ದಾಸ್ತಾನು, ಬಾಕಿ ಎರಡೂ ಹಿಂದಿನ ಸೆಪ್ಟೆಂಬರಿಗಿಂತ ಮಾರಾಟದ ವೇಗ ಮೀರಿ ಏರಿವೆಯೇ ನೋಡಿ. ಲೇಥ್ ಅಂಗಡಿಯವರು ಕೊಳ್ಳುವವರ ಪಾವತಿ ಪಟ್ಟಿ ಓದಿ, ದಿನ ಬರೆಸಿಕೊಂಡು ಕೆಲಸ ಒಪ್ಪಿ. ಗುತ್ತಿಗೆ ಕೆಲಸಕ್ಕೆ ಸೇರುವವರು ಗುತ್ತಿಗೆದಾರರಿಗೆ ಬಿಲ್ಲು ಎಷ್ಟು ದಿನಕ್ಕೆ ಪಾಸಾಗುತ್ತದೆ ಎಂದು ಹಳಬರನ್ನು ವಿಚಾರಿಸಿ. ಬಿಲ್ಲು ತಡವಾದರೆ ನಿಮ್ಮ ಸಂಬಳವೂ ತಡವಾಗುವ ಸಾಧ್ಯತೆ ಹೆಚ್ಚು.

ಬರೆಯುವ ನಮಗೂ ಕೆಲಸವಿದೆ. ಕೋಟಿಯ ತಲೆಬರಹದ ಕೆಳಗೆ ಎರಡು ಸಾಲು ಸೇರಿಸಿದರೆ ಸಾಕು. ಈ ಆರ್ಡರಿಗೆ ಮುಂಗಡ ಎಷ್ಟು ಸಿಕ್ಕಿದೆ? ಸರಕು ಕೊಟ್ಟ ಮೇಲೆ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ? ಕಂಪನಿಯವರು ಉತ್ತರ ಕೊಟ್ಟರೆ ಅದೇ ಸುದ್ದಿ. ಕೊಡದಿದ್ದರೆ ಮುಂದಿನ ಸೆಪ್ಟೆಂಬರ್ 30ರ ಪಟ್ಟಿ ಬಂದಾಗ ನಾವೇ ಲೆಕ್ಕ ಹಾಕಿ ಬರೆಯೋಣ.